ಕತ್ತಿಗೆ ಸುತ್ತಿದ ಹೊಕ್ಕುಳಬಳ್ಳಿ: ಒಂದು ಸ್ಪಷ್ಟನೆ

“ಸ್ಕ್ಯಾನ್‌ನಲ್ಲಿ ಮಗುವಿನ ಕತ್ತಿಗೆ ಬಳ್ಳಿ ಸುತ್ತಿದೆ ಅಂತ ಬಂದರೆ ಉಸಿರುಗಟ್ಟುತ್ತದೆ, ಕೂಡಲೇ ಸಿಸೇರಿಯನ್ ಮಾಡಿಸಬೇಕಂತೆ, ಹೌದಾ?” (ಡೊಂಬಿವಲಿಯ ಕನ್ನಡಿಗರ ವಾಟ್ಸಾಪ್ ಗುಂಪಿನಿಂದ)

ಇಲ್ಲ. ಹೊಟ್ಟೆಯೊಳಗಿನ ಮಗುವಿಗೆ ಆಮ್ಲಜನಕ ಬರುವುದು ಗಂಟಲಿನಿಂದಲ್ಲ, ಬಳ್ಳಿಯ ರಕ್ತದಿಂದ. ಹಾಗಾಗಿ ನೋಡಬೇಕಾದ್ದು ಕತ್ತನ್ನಲ್ಲ, ಬಳ್ಳಿ ಅಮುಕಿಹೋಗಿದೆಯೇ ಎಂಬುದನ್ನು. ಅದರ ಮೂರು ರಕ್ತನಾಳಗಳ ಸುತ್ತ ಲೋಳೆಯಂಥ ದಪ್ಪ ಪದರವಿದ್ದು, ಸುಲಭವಾಗಿ ಒತ್ತಿಹೋಗುವುದಿಲ್ಲ. ಹುಟ್ಟುವ ಪ್ರತಿ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಹೀಗೆ ಸುತ್ತಿರುತ್ತದೆ. ಮಗು ಹೊರಳಿದಾಗ ಸುತ್ತು ಬಿಚ್ಚಿಕೊಳ್ಳುವುದೂ ಉಂಟು. ತಾಯಿ ಕೈ ಎತ್ತಿದ್ದರಿಂದ ಸುತ್ತಿತು ಎಂಬುದಂತೂ ಶುದ್ಧ ಸುಳ್ಳು, ಆಕೆಯನ್ನು ದೂರಬೇಡಿ.

36ನೇ ವಾರದ ವರದಿಯಲ್ಲಿ ಒಂದು ಸುತ್ತು ಇದೆ, ಬೆಳವಣಿಗೆ, ನೀರು, ಚಲನೆ ಸರಿಯಿವೆ ಎನ್ನಿ. ಹೆರಿಗೆಯ ಯೋಜನೆ ಬದಲಾಗಬೇಕಿಲ್ಲ. ನೋವು ಬಂದಾಗ ಸುತ್ತು ಬಿಗಿದರೆ ಮಗುವಿನ ಎದೆಬಡಿತ ಕ್ಷಣಕಾಲ ಇಳಿದು ಮತ್ತೆ ಏರುತ್ತದೆ. ಮತ್ತೆಮತ್ತೆ ಆಳವಾಗಿ ಇಳಿದು ಚೇತರಿಸದಿದ್ದರೆ ಮಾತ್ರ ವೈದ್ಯರು ಬೇಗ ಹೆರಿಗೆ ಮಾಡಿಸುತ್ತಾರೆ. ತಲೆ ಹೊರಬಂದೊಡನೆ ಸಡಿಲ ಸುತ್ತನ್ನು ಬೆರಳಿನಿಂದ ತಲೆಯ ಮೇಲಿಂದ ಜಾರಿಸಿ ತೆಗೆಯುತ್ತಾರೆ.

ಆದರೆ ಮಗುವಿನ ಒದೆತ ಕಡಿಮೆಯಾದರೆ, ಬಳ್ಳಿ ಸುತ್ತಿರಲಿ ಬಿಡಲಿ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.