ಜಿಲ್ಲಾಸ್ಪತ್ರೆ ವಿನ್ಯಾಸ ಸಲಹೆಗಾರರ ಆಯ್ಕೆ: ಕಡಿಮೆ ಶುಲ್ಕದ ಬಗ್ಗೆ ಸ್ಪಷ್ಟನೆ

"ಆಸ್ಪತ್ರೆ ಡಿಸೈನ್ ಟೆಂಡರ್‌ನಲ್ಲಿ ಕಡಿಮೆ ಶುಲ್ಕ ಕೇಳಿದವರಿಗೇ ಕೆಲಸ ಕೊಡಬೇಕು, ಇಲ್ಲಾಂದ್ರೆ ಅಕ್ರಮ ಅಂತ ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಿದೆ. ನಿಜವಾ?"

ಎಲ್ಲ ಸಂದರ್ಭದಲ್ಲೂ ನಿಜವಲ್ಲ. ಪ್ರಸ್ತಾವನೆ ಆಹ್ವಾನದಲ್ಲಿ ಗುಣಮಟ್ಟ ಮತ್ತು ವೆಚ್ಚ ಎರಡನ್ನೂ ತೂಗುವುದಾಗಿ ಹೇಳಿದ್ದರೆ ಲೆಕ್ಕವೇ ಬೇರೆ.

ತಾಂತ್ರಿಕ ಅಂಶಕ್ಕೆ 70, ಶುಲ್ಕಕ್ಕೆ 30ರ ತೂಕ ಎಂದಿಟ್ಟುಕೊಳ್ಳಿ. ಮೊದಲನೆಯವರಿಗೆ ತಾಂತ್ರಿಕವಾಗಿ 90 ಅಂಕ, ಶುಲ್ಕ 60 ಲಕ್ಷ. ಎರಡನೆಯವರಿಗೆ 76 ಅಂಕ, ಶುಲ್ಕ 48 ಲಕ್ಷ. ಕಡಿಮೆ ಶುಲ್ಕಕ್ಕೆ ಪೂರ್ತಿ 100 ಅಂಕ. ಇನ್ನೊಬ್ಬರಿಗೆ 48ನ್ನು 60ರಿಂದ ಭಾಗಿಸಿ 100ರಿಂದ ಗುಣಿಸಿದರೆ 80. ತಾಂತ್ರಿಕ ಅಂಕದ ಶೇ 70, ಶುಲ್ಕದ ಅಂಕದ ಶೇ 30 ತೆಗೆದು ಒಟ್ಟು ಮಾಡಿದಾಗ ಮೊದಲನೆಯವರಿಗೆ 63 ಮತ್ತು 24 ಸೇರಿ 87, ಎರಡನೆಯವರಿಗೆ 53.2 ಮತ್ತು 30 ಸೇರಿ 83.2. ಕೆಲಸ ಮೊದಲನೆಯವರಿಗೆ. ಎರಡನೆಯವರು 30 ಲಕ್ಷಕ್ಕೇ ಒಪ್ಪಿದ್ದರೆ ಮೊದಲನೆಯವರು 78ಕ್ಕೆ ಇಳಿದು ಸೋಲುತ್ತಿದ್ದರು.

ಅನುಮಾನವಿದ್ದರೆ ನೋಡಬೇಕಾದ್ದು ಬೇರೆ: ಈ ತೂಕಗಳು ಪ್ರಸ್ತಾವನೆ ಕರೆದಾಗಲೇ ಪ್ರಕಟವಾಗಿದ್ದವೇ? ತಾಂತ್ರಿಕ ಅಂಕ ಘೋಷಿಸಿದ ಮೇಲೆಯೇ ಶುಲ್ಕದ ಲಕೋಟೆ ತೆರೆದರೇ?

ಕೆಲಸದ ವ್ಯಾಪ್ತಿಯನ್ನೂ ಓದಿ. ನಮ್ಮ ಪ್ರಕಾರ ನಿಜವಾದ ನಷ್ಟ ಅಲ್ಲೇ ಆಗುವುದು. "ಕಟ್ಟಡದ ನಕ್ಷೆ" ಎಂದಷ್ಟೇ ಬರೆದಿದ್ದರೆ ಆಕ್ಸಿಜನ್ ಪೈಪ್‌ಲೈನ್, ಆಪರೇಷನ್ ಥಿಯೇಟರಿನ ಹವಾನಿಯಂತ್ರಣದ ನಕ್ಷೆಗಳು ಹೊರಗುಳಿಯಬಹುದು. ಆಮೇಲೆ ಡಕ್ಟ್ ಹಾಯಿಸಲು ಹೋದರೆ ತೊಲೆ ಅಡ್ಡ ಬರುತ್ತದೆ, ಸೀಲಿಂಗ್ ತಗ್ಗಿಸಬೇಕಾಗುತ್ತದೆ. ಇವೆಲ್ಲ ಒಂದೇ ಸಮನ್ವಯ ನಕ್ಷೆಯಲ್ಲಿ ಬರಬೇಕು, ಅದನ್ನು ಒಪ್ಪಿಸಿದ ಮೇಲೆಯೇ ಆ ಹಂತದ ಕಂತು ಎಂದು ಷರತ್ತಿನಲ್ಲಿ ಬರೆದಿರಬೇಕು.