ಐವತ್ತು ಗಂಟೆಯ ಡಬ್ಬಿ

ನನ್ನ ಬಜೆಟ್ 1,500 ರೂಪಾಯಿ. ವೈರ್ ಇಲ್ಲದ ಇಯರ್‌ಬಡ್ಸ್ ಬೇಕಿತ್ತು, ಅಷ್ಟೇ. ಅಂಗಡಿ ಹುಡುಗ ಮುಂದಿಟ್ಟ ಡಬ್ಬಿಯ ಮೇಲೆ ಎಂಆರ್‌ಪಿ 4,999 ಅಂತಿತ್ತು. ನನಗೆ ಬರೀ 1,299. ಆ 4,999 ಪೂರ್ತಿ ಕೊಟ್ಟು ಕೊಂಡ ಪುಣ್ಯಾತ್ಮನನ್ನು ಒಮ್ಮೆ ನೋಡಿ ಕೈಮುಗಿಯಬೇಕು ಅನ್ನೋದು ನನ್ನ ಬಹುದಿನದ ಆಸೆ.

"13 ಎಂಎಂ ಡ್ರೈವರ್ ಸರ್, ಬಾಸ್ ಹೆಂಗೆ ಗುದ್ದುತ್ತೆ ನೋಡಿ" ಅಂದ. ನಮ್ಮೂರಲ್ಲಿ ಎಂಎಂ ಅಂದರೆ ಮಳೆ ಲೆಕ್ಕ. ಇಲ್ಲಿ ಅದು ಒಳಗೆ ಅದುರುವ ಪುಟ್ಟ ಸ್ಪೀಕರಿನ ಅಗಲ. ಅಗಲ ನೋಡಿ ಹಾಡು ಹೇಗೆ ಕೇಳುತ್ತೆ ಅನ್ನೋದು, ಬಾಣಲೆ ಅಗಲ ನೋಡಿ ಸಾರಿನ ರುಚಿ ಹೇಳಿದ ಹಾಗೆ. ಮನೆಗೆ ತಂದ ಮೊದಲ ದಿನ ಬಾಸ್ ಗುದ್ದೋದಿರಲಿ, ಮುಟ್ಟಲೂ ಇಲ್ಲ. ಡಬ್ಬಿಯಲ್ಲಿದ್ದ ದೊಡ್ಡ ಸೈಜಿನ ರಬ್ಬರ್ ಟಿಪ್ ಹಾಕಿದ ಮೇಲೆ ಬಂತು. ಕಿವಿಯಲ್ಲಿ ಸಂದಿ ಉಳಿದರೆ ಮೊದಲು ಸೋರಿ ಹೋಗೋದೇ ಬಾಸ್. ಇದನ್ನು ಮಾತ್ರ ಡಬ್ಬಿಯ ಮೇಲೆ ಯಾರೂ ಬರೆಯೋದಿಲ್ಲ.

ಬ್ಯಾಟರಿ 50 ಗಂಟೆ ಅಂತ ಬಂಗಾರದ ಬಣ್ಣದಲ್ಲಿ ಬರೆದಿತ್ತು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ: ಕೇಸ್ ಸೇರಿ, ಅರ್ಧ ವಾಲ್ಯೂಮ್‌ನಲ್ಲಿ. ಅಂದರೆ ಬಡ್ಸ್‌ನಲ್ಲಿ 8 ಗಂಟೆ, ಉಳಿದ 42 ಬಡ್ಸ್ ಇಟ್ಟು ಚಾರ್ಜ್ ಮಾಡುವ ಕೇಸ್‌ನಲ್ಲಿ. ಮನೆಯ ಸಂಪನ್ನೂ ಲೆಕ್ಕಕ್ಕೆ ಹಿಡಿದು "ನಮ್ಮ ಚೊಂಬು ಸಾವಿರ ಲೀಟರಿಂದು" ಅಂದ ಹಾಗಲ್ವಾ? ವಾಲ್ಯೂಮ್ ಏರಿಸಿದರೆ 8 ಗಂಟೆ ಇಳಿಯುತ್ತೆ. ಕಾಲ್‌ನಲ್ಲಿ ಮೈಕೂ ದುಡಿಯೋದರಿಂದ ಇನ್ನೂ ಇಳಿಯುತ್ತೆ. ನನ್ನದು ಕಾಲ್‌ನಲ್ಲಿ ನಾಲ್ಕು ಗಂಟೆಗೇ ಕಣ್ಣು ಮುಚ್ಚಿತು.

ಇನ್ನು "ನಾಲ್ಕು ಮೈಕ್, ಇಎನ್‌ಸಿ". ಗಲಾಟೆ ನನಗೆ ಕೇಳಿಸೋದಿಲ್ಲ ಅಂದುಕೊಂಡಿದ್ದೆ. ಅದು ಎಎನ್‌ಸಿ ಅಂತೆ, ಬೇರೆ. ಇಎನ್‌ಸಿ ಇರೋದು ಆ ಕಡೆ ಇರುವವರಿಗೆ ನಮ್ಮ ಮಾತು ಸ್ಪಷ್ಟವಾಗಿ ಕೇಳಲಿ ಅಂತ. ಕಷ್ಟ ಏನೆಂದರೆ ಮೈಕ್ ಕಿವಿ ಹತ್ತಿರ, ಮಾತು ಬಾಯಿ ಹತ್ತಿರ. ಸುತ್ತ ಗದ್ದಲ ಜಾಸ್ತಿಯಾದರೆ ಯಾವುದು ಮಾತು, ಯಾವುದು ಸದ್ದು ಅಂತ ಅದಕ್ಕೇ ಗೊಂದಲ. ಎರಡನ್ನೂ ಒರೆಸುತ್ತೆ.

"ರಸ್ತೆಗೆ ಹೋಗಿ ಮನೆಗೊಂದು ಕಾಲ್ ಮಾಡಿ ನೋಡ್ಲಾ?" ಅಂತ ಕೊಳ್ಳುವ ಮುಂಚೆ ಕೇಳಿದ್ದೆ. "ಡೆಮೊ ಪೀಸ್ ಇಲ್ಲ ಸರ್, ಸೀಲ್ ಒಡೆದ್ರೆ ತಗೊಳ್ಳಲೇಬೇಕು" ಅಂದಿದ್ದ. ಒಡೆದೆ, ತಗೊಂಡೆ.

ಮರುದಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಂದ ಅಮ್ಮನಿಗೆ ಫೋನ್ ಮಾಡಿದೆ.

"ಎಲ್ಲಿದ್ದೀಯೋ? ಬಾವಿಯೊಳಗೆ ಇದ್ದ ಹಾಗಿದೆ."

"ಬಸ್ಸಲ್ಲಿದ್ದೀನಮ್ಮಾ!"

"ನೀನು ಸುಮ್ನಿರು, ಆ ಕಂಡಕ್ಟರ್ ಹತ್ರ ಫೋನ್ ಕೊಡು. ಅವರ 'ರೈಟ್ ರೈಟ್' ಚೆನ್ನಾಗಿ ಕೇಳಿಸ್ತಿದೆ."

ಈಗ ಕಾಲ್‌ಗೆ ಹಳೇ ವೈರ್ ಇಯರ್‌ಫೋನೇ. 300 ರೂಪಾಯಿಯದು. ಮೈಕ್ ಗದ್ದದ ಕೆಳಗೇ ನೇತಾಡುತ್ತೆ, ಅಮ್ಮನಿಗೆ ನನ್ನ ಕೆಮ್ಮೂ ಕೇಳಿಸುತ್ತೆ. ಇಯರ್‌ಬಡ್ಸ್ ಮೇಜಿನ ಡ್ರಾಯರ್‌ನಲ್ಲಿವೆ. ಕೇಸ್‌ನಲ್ಲಿ ಇನ್ನೂ 42 ಗಂಟೆ ಹಾಗೇ ಇದೆ.