"ಒಂದು ಸಣ್ಣ ವಿಷಯ ಮಾರಾಯ"

ಬೆಳಿಗ್ಗೆ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಒಂದೇ ಕಾಲಲ್ಲಿ ನಿಂತಿದ್ದೆ. ವಾಯ್ಸ್ ಮೆಸೇಜ್ ಬಂತು. ಚೆಂಬೂರಿನಲ್ಲಿ ಹೋಟೆಲ್ ನಡೆಸುವ ನಮ್ಮ ಊರ ಕಡೆಯ ಅಣ್ಣನದು. ಅವರ ವೆಬ್‌ಸೈಟ್ ಮಾಡುತ್ತಿದ್ದೆ. "ಒಂದು ಸಣ್ಣ ವಿಷಯ ಮಾರಾಯ. ಅದರಲ್ಲೇ ಆರ್ಡರ್ ಕೊಟ್ಟು ದುಡ್ಡು ಕಟ್ಟುವ ಹಾಗೆ ಮಾಡಿಬಿಡು."

ನಾವು ಮಾತಾಡಿದ್ದು ಆರು ಪೇಜು, ಎರಡು ಸಲ ತಿದ್ದುಪಡಿ, 45 ಸಾವಿರ. ಆರ್ಡರ್ ಅದರಲ್ಲಿ ಇರಲೇ ಇಲ್ಲ.

ಇದನ್ನು ದುರಾಸೆ ಅಂತ ನಾನು ಅಂದುಕೊಳ್ಳುವುದಿಲ್ಲ. ಅವರ ಕಣ್ಣಿಗೆ ಅದು ಒಂದು ಬಟನ್, ಅಷ್ಟೇ. ಹಿಂದೆ ಏನಿದೆ ಅಂತ ತೋರಿಸಬೇಕಾದವನು ನಾನು. ಮೆನು ತೋರಿಸುವ ಪೇಜಿಗೆ ನೆನಪಿನ ಶಕ್ತಿ ಬೇಡ. ಆರ್ಡರ್ ತಗೊಳ್ಳುವ ಪೇಜಿಗೆ ಬೇಕು. ನೀರುದೋಸೆ ಖಾಲಿ ಆಯ್ತು ಅಂತ ಅದಕ್ಕೆ ಗೊತ್ತಾಗಬೇಕು. ಗಿರಾಕಿಯ ದುಡ್ಡು ಹೋಗಿ ಆರ್ಡರ್ ಅಡಿಗೆಮನೆಗೆ ಬರದಿದ್ದರೆ ರೀಫಂಡ್ ಆಗಬೇಕು. ಗಿರಾಕಿಯ ದುಡ್ಡನ್ನು ಹೋಟೆಲಿನ ಬ್ಯಾಂಕಿಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಕಂಪನಿಯಲ್ಲಿ ಅಕೌಂಟ್ ಹೋಟೆಲ್ ಹೆಸರಲ್ಲೇ ತೆರೆಯಬೇಕು. ಪ್ಯಾನ್, ಬ್ಯಾಂಕ್ ವಿವರ ಕೊಡಬೇಕು. ರೀಫಂಡ್ ಬಗ್ಗೆ ಒಂದು ಪೇಜು ಸೈಟಿನಲ್ಲಿ ಹಾಕಿ ಅಂತಲೂ ಆ ಕಂಪನಿಯವರು ಕೇಳುತ್ತಾರೆ.

ಮೊದಲೆಲ್ಲ ಇಂಥ ಮೆಸೇಜಿಗೆ "ಆಯ್ತಣ್ಣ, ನೋಡೋಣ" ಅನ್ನುತ್ತಿದ್ದೆ. ಅದೇ ತಪ್ಪು. ನನಗದು ನೋಡೋಣ, ಕೇಳಿದವರಿಗೆ ಅದು ಆಯ್ತು. ಇನ್ನೊಬ್ಬ ಗಿರಾಕಿಯ ಹತ್ತಿರ ಹೀಗೆ ಅಂದು, ಕೊನೆಗೆ ದುಡ್ಡು ಕೇಳಿದಾಗ "ಆವತ್ತು ಹೇಳಬೇಕಿತ್ತಲ್ವಾ" ಅಂದರು. ಅವರು ಹೇಳಿದ್ದು ಸರಿಯೇ.

ಈ ಸಲ ದಾದರ್‌ನಲ್ಲಿ ಇಳಿದವನೇ ಫೋನ್ ಮಾಡಿದೆ. "ಒಳ್ಳೆ ಐಡಿಯಾ ಅಣ್ಣ. ಇದು ನಮ್ಮ ಕೋಟೇಶನ್‌ನಲ್ಲಿ ಇಲ್ಲ. ಎಷ್ಟು ಕೆಲಸ ಅಂತ ಲೆಕ್ಕ ಹಾಕಿ ನಾಳೆ ಸಂಜೆ ಹೇಳ್ತೇನೆ." ಫೋನಿನಲ್ಲಿ ರೇಟು ಹೇಳಲಿಲ್ಲ. ಬಾಯಿಗೆ ಬಂದ ರೇಟು ಯಾವಾಗಲೂ ಕಮ್ಮಿಯೇ ಇರುತ್ತದೆ.

ರಾತ್ರಿ ಕೂತು ದಿನ ಎಣಿಸಿದೆ. ತಿಂಡಿಗಳ ಪಟ್ಟಿ ಮತ್ತು ಇದೆ-ಇಲ್ಲ ನೋಡಿಕೊಳ್ಳುವುದಕ್ಕೆ ಮೂರು ದಿನ. ಪೇಮೆಂಟ್ ಜೋಡಿಸಿ ಪರೀಕ್ಷೆ ಮಾಡಲು ಮೂರು. ಡೆಲಿವರಿ ಎಲ್ಲಿಯವರೆಗೆ, ಎಷ್ಟು ಚಾರ್ಜು ಅನ್ನುವುದಕ್ಕೆ ಮೂರು. ಅಡಿಗೆಮನೆಯ ಫೋನಿಗೆ ಆರ್ಡರ್ ಹೋಗುವಂತೆ ಮಾಡಲು ಒಂದು. ದಿನಕ್ಕೆ ಎರಡೂವರೆ ಸಾವಿರದಂತೆ ಹತ್ತು ದಿನಕ್ಕೆ 25 ಸಾವಿರ.

ಮೆಸೇಜಿನ ಮೊದಲ ಕರಡಿನಲ್ಲಿ "ಸಾಂಬಾರ್ ಎರಡನೇ ಸಲ ಫ್ರೀ, ವಡೆ ಎರಡನೇದಕ್ಕೆ ಬಿಲ್ ಹಾಕ್ತೀರಲ್ಲ ಅಣ್ಣ" ಅಂತ ಬರೆದಿದ್ದೆ. ಬರೆದಾಗ ಖುಷಿಯಾಯ್ತು, ಆಮೇಲೆ ಅಳಿಸಿದೆ. ಅವರ ದಂಧೆ ತೋರಿಸಿ ಅವರನ್ನೇ ಚುಚ್ಚಿದ ಹಾಗೆ. "ಸಾರಿ" ಅನ್ನುವುದನ್ನೂ ತೆಗೆದೆ. ತಪ್ಪು ಮಾಡದೆ ಸಾರಿ ಅಂದರೆ, ಎದುರಿನವರು ರೇಟು ಇಳಿಸಲು ಜಾಗ ಇದೆ ಅಂದುಕೊಳ್ಳುತ್ತಾರೆ. ಕೊನೆಗೆ ಕಳಿಸಿದ್ದು ಇದು:

"ಅಣ್ಣ, ನಮಸ್ಕಾರ. ಮಾತಾಡಿದ ಆರು ಪೇಜು ಹೇಳಿದ ದಿನ, 28ಕ್ಕೇ ರೆಡಿ. ಅದರಲ್ಲಿ ಬದಲಾವಣೆ ಇಲ್ಲ. ಆರ್ಡರ್ ಮತ್ತು ಪೇಮೆಂಟ್ ಹೊಸ ಕೆಲಸ: 10 ದಿನ, 25 ಸಾವಿರ. ಬೇಕಿದ್ದರೆ ಆರು ಪೇಜು ಮುಗಿದ ಮೇಲೆ ಶುರು ಮಾಡ್ತೇನೆ. ಸದ್ಯಕ್ಕೆ ವಾಟ್ಸಾಪ್ ಬಟನ್ ಹಾಕಿ ಕೊಡ್ತೇನೆ, ಅದಕ್ಕೆ ಚಾರ್ಜ್ ಇಲ್ಲ. ಯಾವುದು ಬೇಕು ಅಂತ ಇಲ್ಲೇ ಬರೆದು ತಿಳಿಸಿ. ಆಮೇಲೆ ಶುರು ಮಾಡ್ತೇನೆ."

ವಾಟ್ಸಾಪ್ ಬಟನ್ ಅಂದರೆ `wa.me` ಲಿಂಕು. ಒತ್ತಿದರೆ ಹೋಟೆಲ್ ನಂಬರಿಗೆ ಚಾಟ್ ತೆರೆಯುತ್ತದೆ. ನನಗೆ ಅರ್ಧ ಗಂಟೆಯ ಕೆಲಸ, ಅವರಿಗೆ ಇವತ್ತಿನ ಆರ್ಡರ್. ಬರೀ "ಆಗಲ್ಲ, ದುಡ್ಡು ಬೇಕು" ಅನ್ನುವುದಕ್ಕಿಂತ ಇದು ಮಾತು ಮುಂದುವರಿಸುತ್ತದೆ. ಬಿಲ್ಲಿನಲ್ಲಿ ಮಾತ್ರ ಅದನ್ನೂ ಬರೆಯುತ್ತೇನೆ: ವಾಟ್ಸಾಪ್ ಬಟನ್, 500 ರೂಪಾಯಿ, ರಿಯಾಯಿತಿ 500. ಫ್ರೀ ಕೊಟ್ಟದ್ದಕ್ಕೂ ಬೆಲೆ ಇತ್ತು ಅಂತ ಕಾಣಬೇಕು. ಇಲ್ಲದಿದ್ದರೆ ಮುಂದಿನ ಸಲ ಅದೂ ಹಕ್ಕಾಗುತ್ತದೆ.

ಮಧ್ಯಾಹ್ನ ಊಟದ ರಶ್ ಮುಗಿದ ಮೇಲೆ ಅವರ ಫೋನ್ ಬಂತು. "ಊರವರಲ್ವಾ, ಹದಿನೆಂಟಕ್ಕೆ ಮಾಡು." ಸುಮ್ನೆ ರೇಟು ಇಳಿಸಿದ್ದರೆ ನಾನು ಮೊದಲು ಹೇಳಿದ 25 ಸುಳ್ಳು ಅಂತಾಗುತ್ತಿತ್ತು. "ಡೆಲಿವರಿ ಬಿಡೋಣ ಅಣ್ಣ. ಜನ ಆರ್ಡರ್ ಕೊಟ್ಟು ದುಡ್ಡು ಕಟ್ಟಿ ತಾವೇ ಬಂದು ಪಾರ್ಸೆಲ್ ತಗೊಳ್ಳಲಿ. ಮೂರು ದಿನ ಉಳೀತದೆ, ಹದಿನೇಳೂವರೆ ಆಗ್ತದೆ" ಅಂದೆ. ಒಂದು ನಿಮಿಷ ಸುಮ್ಮನಿದ್ದರು. ಹಿಂದೆ ಯಾರೋ "ಎರಡು ಮಸಾಲಾ" ಅಂತ ಕೂಗಿದ್ದು ಕೇಳಿಸಿತು. "ಡೆಲಿವರಿ ಹುಡುಗರೂ ಈಗ ಇಲ್ಲ ಮಾರಾಯ. ಹಾಗೇ ಮಾಡು."

ಹಾಗೇ ಬರೆದು ಕಳಿಸಿ ಅಂದೆ. ಹೆಬ್ಬೆರಳಿನ ಚಿತ್ರವೊಂದು ಬಂತು. ಯಾವುದಕ್ಕೆ ಹೆಬ್ಬೆರಳು ಅಂತ ಆಮೇಲೆ ಗೊಂದಲ ಆಗಬಾರದು ಅಂತ ಮತ್ತೆ ಕೇಳಿದೆ. "ಪಾರ್ಸೆಲ್ ಮಾತ್ರ, 17500, ಓಕೆ" ಅಂತ ಬಂತು. ಅರ್ಧ ದುಡ್ಡೂ ಬಂತು.

ನಿನ್ನೆ ರಾತ್ರಿ ಮತ್ತೆ ವಾಯ್ಸ್ ಮೆಸೇಜ್. "ಮೆನು ಮರಾಠಿಯಲ್ಲೂ ಬೇಕು ಮಾರಾಯ. ಎಷ್ಟಾಗ್ತದೆ ನೋಡಿ ಹೇಳು."